ಮಸುಕಾದ ಚಿತ್ರವೇ ನಿಜದ್ದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಚೂರಲ್‌ಮಲ ಕಡೆ ಗುಡ್ಡ ಕುಸೀತಲ್ಲ, ಆಮೇಲೆ ನಮ್ಮ ಕಬಿನಿ ದಡದವರ ಗ್ರೂಪಿಗೆ ಎರಡು ಚಿತ್ರ ಬಂದಿದ್ದವು. ಒಂದು ಬಣ್ಣದ್ದು. ಹಸಿರು ಬೆಟ್ಟ, ಕೆಂಪು ಬಿರುಕು, ಒಂದೊಂದು ಮನೆ ಚಾವಣಿಯೂ ಸ್ಪಷ್ಟ. ಕೆಳಗೆ 'ಸ್ಯಾಟಲೈಟ್ ಫೋಟೋ, ಈ ನೀರೆಲ್ಲ ಕಬಿನಿಗೆ ಬರ್ತಿದೆ' ಅಂತ ಬರೆದಿತ್ತು. ಇನ್ನೊಂದು ಇಸ್ರೋದ ಹೈದರಾಬಾದ್ ಕೇಂದ್ರದ್ದು. ಬೂದು ಬಣ್ಣ, ಹುರುಳಿ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ. ನಾವೆಲ್ಲ ನಂಬಿದ್ದು ಮೊದಲನೇದನ್ನ. ಪಕ್ಕದ ಜಮೀನಿನ ಅಣ್ಣ ರಾತ್ರೋರಾತ್ರಿ ಮಳೇಲಿ ದನ ಬಿಚ್ಚಿ ಮೇಲಕ್ಕೆ ಹೊಡ್ಕೊಂಡು ಹೋದ.

ನನ್ನ ಅಭಿಪ್ರಾಯ ಇಷ್ಟೇ: ಮಳೆಗಾಲದ ಸ್ಯಾಟಲೈಟ್ ಚಿತ್ರ ತುಂಬಾ ಚೆನ್ನಾಗಿದ್ರೆ ಮೊದಲು ಅನುಮಾನ ಪಡಿ.

ಕಾರಣ ಮೋಡ. ಬಣ್ಣದ ಚಿತ್ರ ತೆಗೆಯೋ ಉಪಗ್ರಹ ನಮ್ಮ ಕಣ್ಣಿನ ಹಾಗೇನೇ, ಮೋಡದ ಕೆಳಗಿರೋದು ಅದಕ್ಕೆ ಕಾಣಲ್ಲ. ಅದಕ್ಕೇ ಇಸ್ರೋದವರು ಕುಸಿತಕ್ಕೆ ಮುಂಚಿನ ಸ್ಥಿತಿ ತೋರಿಸೋಕೆ ಕಾರ್ಟೋಸ್ಯಾಟ್-3 ತೆಗೆದ 2023ರ ಮೇ 22ರ ಚಿತ್ರ ಕೊಟ್ಟರು. ಕುಸಿದ ಮೇಲಿನದಕ್ಕೆ ಜುಲೈ 31ರ ರಿಸ್ಯಾಟ್ ಚಿತ್ರ. ರಿಸ್ಯಾಟ್‌ನಲ್ಲಿರೋದು ರೇಡಾರ್. ಅದು ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನ ಹಿಡಿಯುತ್ತೆ. ಮೋಡ, ಕತ್ತಲೆ ಅಡ್ಡಿಯಿಲ್ಲ, ಆದರೆ ಬಣ್ಣ ಬರಲ್ಲ. ಬೆಟ್ಟಗಳು ಒಂದು ಕಡೆಗೆ ವಾಲಿದ ಹಾಗೂ ಕಾಣ್ತವೆ. ಅದನ್ನ ನೋಡಿ ಯಾರೋ ತಿದ್ದಿದ್ದಾರೆ ಅನ್ನಬಾರದು.

ಹಾಗಂತ ಬಣ್ಣದ್ದೆಲ್ಲ ಸುಳ್ಳಲ್ಲ. ಡ್ರೋನ್, ಹೆಲಿಕಾಪ್ಟರ್ ಮೋಡದ ಕೆಳಗೇ ಹಾರ್ತವೆ. ಅದಕ್ಕೆ ಎರಡನೇ ಪರೀಕ್ಷೆ ಹೊಳೆಯ ತಿರುವು. ಗೂಗಲ್ ಅರ್ಥ್‌ನಲ್ಲಿ ಅದೇ ಊರು ತೆಗೆದು ಹೊಳೆ, ರಸ್ತೆ ಕೂಡೋ ಜಾಗ, ಎಸ್ಟೇಟಿನ ಅಂಚು ಹೋಲಿಸಿ. ಇಸ್ರೋ ಲೆಕ್ಕದಲ್ಲಿ ಕುಸಿದದ್ದು 86,000 ಚದರ ಮೀಟರ್, ಅಂದ್ರೆ ಸುಮಾರು 21 ಎಕರೆ. ಆ ಮಣ್ಣು ಹೊಳೆ ಹಿಡಿದು ಸುಮಾರು 8 ಕಿಲೋಮೀಟರ್ ಹರೀತು, ಹೊಳೆ ತಿರುಗಿದ ಕಡೆ ತಾನೂ ತಿರುಗ್ತು. ನಮಗೆ ಬಂದಿದ್ದ ಬಣ್ಣದ ಚಿತ್ರದಲ್ಲಿ ಬಿರುಕು ನೇಗಿಲ ಸಾಲಿನ ಹಾಗೆ ನೆಟ್ಟಗಿತ್ತು. ಎರಡು ರಸ್ತೆ ತೋಟದ ನಡುವೆ ಹೋಗಿ ಅಲ್ಲೇ ಮುಗಿದಿದ್ದವು. ಕಂಪ್ಯೂಟರ್ ಬರೆದದ್ದು ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು.

ಆದರೆ ನಿಜವಾದ ಹಳೇ ಚಿತ್ರದ ಮೇಲೆ ಬಿರುಕು ಬರೆದಿದ್ದರೆ ತಿರುವು ಸರಿಯಾಗೇ ಇರುತ್ತೆ. ಆಗ ಬೇರೆ ಕಡೆಯಿಂದ ಬಂದ ಅದೇ ಜಾಗದ ಇನ್ನೊಂದು ಚಿತ್ರ ಸಿಗೋವರೆಗೂ ಕಾಯಬೇಕು.

ಇನ್ನು ಕೆಳಗಿನ ಬರಹವನ್ನೂ ನೆಲಕ್ಕೆ ಹೋಲಿಸಿ. ಚೂರಲ್‌ಮಲ ನೀರು ಇಳಿಯೋದು ಪಡುವಲಿಗೆ, ಚಾಲಿಯಾರ್ ಹೊಳೆಗೆ. ಕಬಿನಿಗಲ್ಲ.

ಪಕ್ಕದ ಅಣ್ಣ ಈಗ 'ಯಾವ ಫೋಟೋನೂ ನಂಬಲ್ಲ' ಅಂತಾನೆ. ನನಗೆ ಭಯ ಇರೋದು ಇದೇ. ಮುಂದೆ ನಿಜಕ್ಕೂ ನಮ್ಮ ಕಬಿನಿ ಉಕ್ಕಿದಾಗ ಬರೋದು ಆ ಬೂದು ಚಿತ್ರವೇ.