ಶಿಕ್ಷೆಯ ಅಮಾನತು ಉಳ್ಳವರ ಸೌಲಭ್ಯವಾಗಬಾರದು

ಪ್ರಭಾವಿ ರಾಜಕಾರಣಿಗೆ ಶಿಕ್ಷೆಯಾದ ಕೆಲವೇ ದಿನಗಳಲ್ಲಿ ಮೇಲಿನ ನ್ಯಾಯಾಲಯ ಅದನ್ನು ಅಮಾನತಿನಲ್ಲಿಟ್ಟರೆ ಊರೆಲ್ಲ ಒಂದೇ ಮಾತು: ದೊಡ್ಡವರಿಗೊಂದು ನ್ಯಾಯ, ನಮಗೊಂದು ನ್ಯಾಯ. ಆ ಸಿಟ್ಟಿಗೆ ಕಾರಣವಿದೆ. ಆದರೆ ಅದು ತಾಗಬೇಕಾದಲ್ಲಿ ತಾಗುತ್ತಿಲ್ಲ. ಶಿಕ್ಷೆ ಅಮಾನತಾದದ್ದು ಅನ್ಯಾಯವಲ್ಲ. ಅದೇ ಕಾನೂನಿನಡಿ ಅಷ್ಟೇ ಬೇಗ ಅದೇ ಅವಕಾಶ ಬಡ ಕೈದಿಗೆ ಸಿಗದಿರುವುದು ಅನ್ಯಾಯ.

ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ನೋಡಿ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕಲ್ ಡಿ'ಕುನ್ಹಾ ಅವರು ಜಯಲಲಿತಾಗೆ ನಾಲ್ಕು ವರ್ಷ ಜೈಲು ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದರು. ಮುಖ್ಯಮಂತ್ರಿಯಾಗಿ ನ್ಯಾಯಾಲಯಕ್ಕೆ ಬಂದವರು ಅಲ್ಲಿಂದ ನೇರವಾಗಿ ಪರಪ್ಪನ ಅಗ್ರಹಾರಕ್ಕೆ ಹೋದರು. ಶಿಕ್ಷೆ ಮೂರು ವರ್ಷ ಮೀರದೆ, ಆರೋಪಿ ಅಲ್ಲಿಯವರೆಗೆ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕಿಕೊಳ್ಳಲೆಂದು ಶಿಕ್ಷೆ ವಿಧಿಸಿದ ನ್ಯಾಯಾಲಯವೇ ಜಾಮೀನು ನೀಡಬಹುದು. ಇಲ್ಲಿ ಶಿಕ್ಷೆ ಆ ಮಿತಿಗಿಂತ ಒಂದು ವರ್ಷ ಹೆಚ್ಚಿತ್ತು. ಹಾಗಾಗಿ ಹೈಕೋರ್ಟಿನ ಮೊರೆ ಹೋಗದೆ ದಾರಿಯಿರಲಿಲ್ಲ.

ಅಕ್ಟೋಬರ್ 7ರಂದು ಕರ್ನಾಟಕ ಹೈಕೋರ್ಟ್ ಶಿಕ್ಷೆ ಅಮಾನತಿಗೆ ಒಪ್ಪಲಿಲ್ಲ. ಹತ್ತು ದಿನಗಳ ನಂತರ, ಅಕ್ಟೋಬರ್ 17ರಂದು, ಸುಪ್ರೀಂ ಕೋರ್ಟ್ ಒಪ್ಪಿತು. ಮೇಲ್ಮನವಿಯ ಪೇಪರ್ ಬುಕ್, ಅಂದರೆ ಸಾಕ್ಷ್ಯ ಮತ್ತು ದಾಖಲೆಗಳ ಮುದ್ರಿತ ಕಟ್ಟು, ಎರಡು ತಿಂಗಳೊಳಗೆ ಸಿದ್ಧವಾಗಬೇಕೆಂದು ಷರತ್ತು ಹಾಕಿತು. ಆಮೇಲೆ ವಿಶೇಷ ಪೀಠ ರಚಿಸಿ ಮೂರು ತಿಂಗಳಲ್ಲಿ ಮೇಲ್ಮನವಿ ಮುಗಿಸುವಂತೆ ಸೂಚಿಸಿತು. 2015ರ ಜನವರಿಯಿಂದ ದಿನನಿತ್ಯ ವಿಚಾರಣೆ ನಡೆದು, ಮೇ 11ರಂದು ತೀರ್ಪು ಬಂತು. ಶಿಕ್ಷೆಯಾದ ದಿನದಿಂದ ಎಂಟು ತಿಂಗಳೂ ತುಂಬಿರಲಿಲ್ಲ.

ಈ ಅವಧಿಯಲ್ಲಿ ಅವರು ನಿರಪರಾಧಿಯೇನೂ ಆಗಿರಲಿಲ್ಲ. ಶಿಕ್ಷೆಯ ಅಮಾನತೇ ಬೇರೆ, ಅಪರಾಧ ನಿರ್ಣಯಕ್ಕೆ ತಡೆಯಾಜ್ಞೆಯೇ ಬೇರೆ. ಮೊದಲನೆಯದು ಜೈಲುವಾಸವನ್ನಷ್ಟೇ ತಡೆಹಿಡಿಯುತ್ತದೆ, ದೋಷಿಯೆಂಬ ತೀರ್ಪು ಹಾಗೇ ಉಳಿಯುತ್ತದೆ. ಆದ್ದರಿಂದಲೇ ಜೈಲಿನಿಂದ ಹೊರಬಂದರೂ ಅವರ ಶಾಸಕ ಸ್ಥಾನ, ಮುಖ್ಯಮಂತ್ರಿ ಪದವಿ ಮರಳಲಿಲ್ಲ. ಮತ್ತೆ ಮುಖ್ಯಮಂತ್ರಿಯಾದದ್ದು ಹೈಕೋರ್ಟ್ ಖುಲಾಸೆ ಮಾಡಿದ ಮೇಲೆಯೇ. 'ಅಮಾನತು ಮಾಡಿ ಬಿಟ್ಟೇಬಿಟ್ಟರು' ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹಾಗಾದರೆ ಅಮಾನತು ಏಕೆ ಬೇಕು? ನಾಲ್ಕು ವರ್ಷದ ಶಿಕ್ಷೆಯ ವಿರುದ್ಧ ಹಾಕಿದ ಮೇಲ್ಮನವಿ ಐದನೇ ವರ್ಷ ವಿಚಾರಣೆಗೆ ಬಂದರೆ, ಗೆದ್ದವನಿಗೆ ಸಿಗುವುದು ಕಾಗದ ಮಾತ್ರ. ಕಳೆದ ವರ್ಷಗಳನ್ನು ಯಾವ ನ್ಯಾಯಾಲಯವೂ ಹಿಂತಿರುಗಿಸಲಾರದು. 1977ರ ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಮೇಲ್ಮನವಿಯನ್ನು ಸಮೀಪದ ಅವಧಿಯಲ್ಲಿ ಕೇಳಲಾಗದಿದ್ದರೆ, ಬಲವಾದ ಕಾರಣವಿಲ್ಲದೆ ಮೇಲ್ಮನವಿದಾರನನ್ನು ಒಳಗಿಡಬಾರದು. 1999ರಲ್ಲಿ ಅದೇ ನ್ಯಾಯಾಲಯ, ನಿಗದಿತ ಅವಧಿಯ ಶಿಕ್ಷೆಯಾಗಿದ್ದರೆ ಅಮಾನತಿನ ಅರ್ಜಿಯನ್ನು ಉದಾರವಾಗಿ ನೋಡಬೇಕು, ಕೊಡಲಾಗದಿದ್ದರೆ ಮೇಲ್ಮನವಿಯನ್ನೇ ಬೇಗ ಕೇಳಬೇಕು ಎಂದಿತು. ಜೀವಾವಧಿ ಶಿಕ್ಷೆಯ ಮಾತು ಬೇರೆ. ಅಲ್ಲಿ ತೀರ್ಪಿನಲ್ಲಿ ಮೇಲ್ನೋಟಕ್ಕೇ ಕಾಣುವ ದೋಷವಿದೆಯೇ, ಖುಲಾಸೆಯ ಸಾಧ್ಯತೆ ನಿಜಕ್ಕೂ ಇದೆಯೇ ಎಂದು ನೋಡಲೇಬೇಕು. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ಬಿಡುವ ಮುನ್ನ ಸರ್ಕಾರಿ ವಕೀಲರಿಗೆ ಲಿಖಿತ ಆಕ್ಷೇಪಕ್ಕೆ ಅವಕಾಶ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದು ಸರಿಯಾದ ಎಚ್ಚರ.

ಈಗ ವಕೀಲರ ಶುಲ್ಕ ಕಟ್ಟಲಾಗದ ಒಬ್ಬ ಕೂಲಿಕಾರನನ್ನು ಊಹಿಸಿಕೊಳ್ಳಿ. ಸೆಷನ್ಸ್ ನ್ಯಾಯಾಲಯ ಅವನಿಗೆ ಐದು ವರ್ಷ ಶಿಕ್ಷೆ ವಿಧಿಸಿದೆ. ಹೈಕೋರ್ಟಿಗೆ ಹೋಗಲು 60 ದಿನಗಳ ಗಡುವು. ಮರಣದಂಡನೆಯಾಗಿದ್ದರೆ 30 ದಿನ ಮಾತ್ರ. ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ಪ್ರತಿ ಪಡೆಯಲು ಹಿಡಿದ ಸಮಯ ಗಡುವಿನಲ್ಲಿ ಲೆಕ್ಕಕ್ಕಿಲ್ಲ. ಜೈಲಿನ ಅಧಿಕಾರಿಯ ಕೈಗೇ ಮೇಲ್ಮನವಿ ಕೊಡಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ವಕೀಲರನ್ನು ಪಡೆಯಬಹುದು. ಗಡುವು ಮೀರಿದರೂ ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಕಾನೂನಿನಲ್ಲಿ ಬಾಗಿಲು ತೆರೆದೇ ಇದೆ. ಆದರೆ ಅವನನ್ನು ಕೂರಿಸಿ ಅವನ ಭಾಷೆಯಲ್ಲಿ ಇದನ್ನು ಹೇಳುವವರು ಯಾರು? ಎಲ್ಲ ದಾಟಿ ಶಿಕ್ಷೆ ಅಮಾನತಾದರೂ, ಪಹಣಿ ಹಿಡಿದು ಬರುವ ಜಾಮೀನುದಾರ ಸಿಗದೆ ಅವನು ಅಲ್ಲೇ ಉಳಿಯಬಹುದು.

ಬೇಗ ಕೇಳಿದರೆ ಸಾಲದು, ಸರಿಯಾಗಿಯೂ ಕೇಳಬೇಕು. ಮೊದಲ ಮೇಲ್ಮನವಿ ಎಂದರೆ ಕೆಳ ನ್ಯಾಯಾಲಯದ ತೀರ್ಪಿನ ಮೇಲೆ ಕಣ್ಣಾಡಿಸುವುದಲ್ಲ. ಹೈಕೋರ್ಟ್ ಸಾಕ್ಷ್ಯವನ್ನೆಲ್ಲ ತಾನೇ ಓದಿ, ತೂಗಿ, ಸ್ವಂತ ತೀರ್ಮಾನಕ್ಕೆ ಬರಬೇಕು. ಖುಲಾಸೆ ಮಾಡಬಹುದು, ಮರುವಿಚಾರಣೆಗೆ ಕಳಿಸಬಹುದು, ಶಿಕ್ಷೆ ಇಳಿಸಬಹುದು. ಆರೋಪಿಯೇ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಏರಿಸುವಂತಿಲ್ಲ.

ಈ ಹೊಣೆ ಎಷ್ಟು ಸೂಕ್ಷ್ಮವೆಂದು ಜಯಲಲಿತಾ ಪ್ರಕರಣದಲ್ಲೇ ಗೊತ್ತಾಯಿತು. ಆದಾಯಕ್ಕಿಂತ ಆಸ್ತಿ ಸುಮಾರು 2.82 ಕೋಟಿ ರೂಪಾಯಿ, ಅಂದರೆ ಶೇ 8.12ರಷ್ಟು ಮಾತ್ರ ಹೆಚ್ಚು, ಶೇ 10ರೊಳಗಿರುವುದರಿಂದ ಕ್ಷಮ್ಯ ಎಂದು ಹೈಕೋರ್ಟ್ ಖುಲಾಸೆ ಮಾಡಿತ್ತು. ಆದಾಯದ ಬಾಬಿನಲ್ಲಿ ಸಾಲಗಳ ಒಂದು ಪಟ್ಟಿಯಿತ್ತು. ಅದರ ಮೊತ್ತವನ್ನು ತೀರ್ಪು 24.17 ಕೋಟಿ ಎಂದು ಬರೆದಿತ್ತು. ಅದೇ ಪಟ್ಟಿಯನ್ನು ಕೂಡಿಸಿದರೆ ಬರುವುದು 10.67 ಕೋಟಿ. ಈ 13.5 ಕೋಟಿಯನ್ನು ಆದಾಯದಿಂದ ತೆಗೆದರೆ ಹೆಚ್ಚುವರಿ ಆಸ್ತಿ 16 ಕೋಟಿ ದಾಟುತ್ತದೆ, ಪ್ರಮಾಣ ಶೇ 76ಕ್ಕೂ ಮೇಲೇರುತ್ತದೆ. ಖುಲಾಸೆಯ ಬುಡವೇ ಕುಸಿಯಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನು ಮತ್ತೆ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಅವರೊಂದಿಗೆ ಶಿಕ್ಷೆಗೊಳಗಾಗಿದ್ದ ಸಹ ಆರೋಪಿಗಳು ಪರಪ್ಪನ ಅಗ್ರಹಾರಕ್ಕೆ ಮರಳಿದರು. ಅಮಾನತಾದ ಶಿಕ್ಷೆ ಮಾಯವಾಗುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಕೂಡಿಕೆಯ ತಪ್ಪು ಯಾರಿಂದಲೂ ಆಗಬಹುದು. ಆ ಪ್ರಕರಣದಲ್ಲಿ ಅದನ್ನು ಹಿಡಿಯಲು ಕರ್ನಾಟಕ ಸರ್ಕಾರ, ಅನುಭವಿ ವಕೀಲರು, ಇಡೀ ದೇಶದ ಪತ್ರಿಕೆಗಳು ಇದ್ದವು. ಕೂಲಿಕಾರನ ತೀರ್ಪಿನಲ್ಲಿ ಅಂಥ ತಪ್ಪು ನುಸುಳಿದರೆ ಹಿಡಿಯುವವರಿಲ್ಲ. ಅವನ ಪಾಲಿಗೆ ಮೊದಲ ಮೇಲ್ಮನವಿಯೇ ಬಹುಮಟ್ಟಿಗೆ ಕೊನೆಯದು.

ಆದ್ದರಿಂದ ನಮ್ಮ ಹೈಕೋರ್ಟಿಗೂ ಸರ್ಕಾರಕ್ಕೂ ನನ್ನ ಒತ್ತಾಯ ಇಷ್ಟು. ನಿಗದಿತ ಅವಧಿಯ ಶಿಕ್ಷೆಯಲ್ಲಿ ಅಮಾನತು ನಿರಾಕರಿಸಿದರೆ, ಅದೇ ಆದೇಶದಲ್ಲಿ ಮೇಲ್ಮನವಿಯ ಅಂತಿಮ ವಿಚಾರಣೆಯ ದಿನಾಂಕವನ್ನೂ ಬರೆಯಬೇಕು. ಆ ದಿನ ಕೈದಿಯ ತಪ್ಪಿಲ್ಲದೆ ಕಳೆದರೆ ಅಮಾನತು ತಾನಾಗಿ ದೊರೆಯಬೇಕು. ಪೇಪರ್ ಬುಕ್ಕಿಗೆ ಸುಪ್ರೀಂ ಕೋರ್ಟ್ ಅಂದು ಹಾಕಿದ ಎರಡು ತಿಂಗಳ ಗಡುವು ಎಲ್ಲ ಜೈಲು ಮೇಲ್ಮನವಿಗಳಿಗೂ ಅನ್ವಯಿಸಬೇಕು. ಜಾಮೀನುದಾರ ಸಿಗದವರನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಮಾಜಿ ಮುಖ್ಯಮಂತ್ರಿಯೊಬ್ಬರ ಮೇಲ್ಮನವಿಯನ್ನು ಎಂಟು ತಿಂಗಳೊಳಗೆ ಮುಗಿಸಬಲ್ಲ ನ್ಯಾಯಾಲಯಕ್ಕೆ, ಕೂಲಿಕಾರನ ಮೇಲ್ಮನವಿಯನ್ನು ಅವನ ಶಿಕ್ಷೆ ಮುಗಿಯುವ ಮೊದಲು ಕೇಳಲಾಗದು ಎಂಬ ನೆಪ ಇನ್ನು ಸಲ್ಲದು.