ನಿಮಗೆ ತಿಳಿದಿರಲಿ: ಅತ್ತೆಯ ಟಿಕೆಟ್ಟಿನಲ್ಲಿ ಯಾರು ಹೋಗಬಹುದು?

ಊರಿಗೆ ಹೊರಡಲು ತಿಂಗಳ ಮುಂಚೆಯೇ ರೈಲಿನಲ್ಲಿ ಬರ್ತ್ ಕಾಯ್ದಿರಿಸಿರುತ್ತೀರಿ. ಹೊರಡುವ ಹೊತ್ತಿಗೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿಯುತ್ತಾರೆ. “ಟಿಕೆಟ್ಟು ಸುಮ್ಮನೆ ಹಾಳಾಗೋದೇಕೆ, ಬೇರೆ ಯಾರಾದರೂ ಹೋಗಿಬರಲಿ” ಅನ್ನೋದು ಸಹಜ. ಆದರೆ ಒಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹಾಗೇ ಹತ್ತಿದರೆ ಟಿಕೆಟ್ ಇಲ್ಲದೆ ಹತ್ತಿದಂತೆಯೇ ಲೆಕ್ಕ. ಹೆಸರನ್ನು ಬದಲಾಯಿಸಿಕೊಳ್ಳಲು ರೈಲ್ವೆಯಲ್ಲೇ ದಾರಿಯಿದೆ.

ಮೈಸೂರಿನ ಒಂದು ಮನೆಯನ್ನು ನೆನೆದುಕೊಳ್ಳಿ. ಹುಬ್ಬಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಅತ್ತೆ, ಮಾವ ಇಬ್ಬರಿಗೂ ಶನಿವಾರ ರಾತ್ರಿಯ ರೈಲಿನಲ್ಲಿ ಬರ್ತ್ ಖಾತ್ರಿಯಾಗಿದೆ. ಗುರುವಾರ ಅತ್ತೆಯ ಮೊಣಕಾಲು ಊದಿಕೊಂಡಿತು. “ನಾನೇ ಮಾವನವರ ಜೊತೆ ಹೋಗಿಬರ್ತೀನಿ” ಎಂದಳು ಸೊಸೆ. ಆಗುತ್ತದೆಯೇ? ಇಲ್ಲ!

ರೈಲ್ವೆಯ ಲೆಕ್ಕದಲ್ಲಿ ಕುಟುಂಬವೆಂದರೆ ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಗ, ಮಗಳು, ಗಂಡ, ಹೆಂಡತಿ ಇಷ್ಟೇ. ಟಿಕೆಟ್ಟಿನಲ್ಲಿ ಯಾರ ಹೆಸರಿದೆಯೋ ಅವರಿಂದಲೇ ಈ ಸಂಬಂಧವನ್ನು ಎಣಿಸಬೇಕು. ಸೊಸೆ, ಅಳಿಯ, ಮೊಮ್ಮಕ್ಕಳು, ನಾದಿನಿ, ಓರಗಿತ್ತಿ ಯಾರೂ ಇದರಲ್ಲಿ ಬರುವುದಿಲ್ಲ. ಹಾಗಾಗಿ ಅತ್ತೆಯ ಬರ್ತು ಅವರ ಮಗನಿಗೋ, ಮಗಳಿಗೋ, ತಂಗಿಗೋ ಸಿಗಬಹುದು. ಮೊದಲು ಮಗನ ಹೆಸರಿಗೆ ಮಾಡಿಸಿ, ಆಮೇಲೆ ಅವನಿಂದ ಹೆಂಡತಿಯ ಹೆಸರಿಗೆ ಮಾಡಿಸೋಣ ಎಂಬ ಜಾಣತನವೂ ನಡೆಯದು. ಹೆಸರು ಬದಲಾವಣೆಗೆ ಅವಕಾಶ ಒಂದೇ ಸಲ.

ಈ ಮನೆಯಲ್ಲಿ ಕೊನೆಗೆ ಅದೇ ಊರಿನಲ್ಲಿರುವ ಮಗಳು ಹೋಗುವುದೆಂದು ತೀರ್ಮಾನವಾಯಿತು ಅನ್ನಿ. ಅತ್ತೆ ಒಂದು ಅರ್ಜಿ ಬರೆದು ಸಹಿ ಹಾಕಬೇಕು. ಅದು ಇಷ್ಟಿದ್ದರೆ ಸಾಕು:

“ಅನಾರೋಗ್ಯದ ನಿಮಿತ್ತ ನಾನು ಈ ಪ್ರಯಾಣ ಮಾಡಲಾಗುತ್ತಿಲ್ಲ. ನನ್ನ ಹೆಸರಿನಲ್ಲಿರುವ ಬರ್ತನ್ನು ನನ್ನ ಮಗಳ ಹೆಸರಿಗೆ ಬದಲಾಯಿಸಿಕೊಡಬೇಕಾಗಿ ಕೋರುತ್ತೇನೆ.”

ಕೆಳಗೆ ಪಿಎನ್ಆರ್ ಸಂಖ್ಯೆ, ರೈಲಿನ ಸಂಖ್ಯೆ, ತಾರೀಖು, ಮಗಳ ಹೆಸರು, ವಯಸ್ಸು ಬರೆಯಿರಿ. ಇದರ ಜೊತೆಗೆ ಮೂಲ ಟಿಕೆಟ್ಟು, ಇಬ್ಬರ ಗುರುತಿನ ಚೀಟಿಗಳು ಮತ್ತು ಸಂಬಂಧಕ್ಕೆ ಪುರಾವೆ ಬೇಕು. ಮೊಬೈಲಿನಲ್ಲಿ ತೆಗೆದ ಟಿಕೆಟ್ಟಾದರೂ ಅದರ ಮುದ್ರಿತ ಪ್ರತಿ ಹಿಡಿದು ರೈಲ್ವೆಯ ರಿಸರ್ವೇಶನ್ ಕೌಂಟರಿಗೇ ಹೋಗಬೇಕು.

ಹೆಚ್ಚಿನವರು ತೊಡಕಿಗೆ ಸಿಲುಕುವುದು ಪುರಾವೆಯ ವಿಷಯದಲ್ಲಿ. ಒಂದೇ ಮನೆಯಲ್ಲಿದ್ದರೆ ಎಲ್ಲರ ಹೆಸರಿರುವ ಪಡಿತರ ಚೀಟಿ ಅನುಕೂಲ. ಮದುವೆಯಾದ ಮಗಳ ಆಧಾರಿನಲ್ಲಿ ಗಂಡನ ಹೆಸರಿರಬಹುದು; ಅದರಿಂದ ತಾಯಿ ಯಾರೆಂದು ತಿಳಿಯುವುದಿಲ್ಲ. ಆಗ ತಾಯಿಯ ಹೆಸರಿರುವ ಜನನ ಪ್ರಮಾಣಪತ್ರವನ್ನೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೋ ಹುಡುಕಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಒಪ್ಪಿಗೆ ಕೊಡುವವರು ಮುಖ್ಯ ರಿಸರ್ವೇಶನ್ ಮೇಲ್ವಿಚಾರಕರು. ಹೋದೊಡನೆ ಅವರನ್ನೇ ಕೇಳಿ.

ಇನ್ನು ಹೊತ್ತಿನ ಮಾತು. ರೈಲು ಹೊರಡುವ ನಿಗದಿತ ವೇಳೆಗೆ ಕನಿಷ್ಠ 24 ಗಂಟೆ ಮೊದಲೇ ಅರ್ಜಿ ಕೊಟ್ಟಿರಬೇಕು. ಶನಿವಾರ ರಾತ್ರಿ 9ರ ರೈಲಾದರೆ ಶುಕ್ರವಾರ ರಾತ್ರಿ 9ರವರೆಗೆ ಸಮಯವಿದೆ ಎಂದು ಕೂತಿರಬೇಡಿ. ಕೌಂಟರುಗಳು ಸಾಮಾನ್ಯವಾಗಿ ಬೆಳಗ್ಗೆ 8ಕ್ಕೆ ತೆರೆದು ರಾತ್ರಿ 8ಕ್ಕೆ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನ 2ಕ್ಕೇ ಬಾಗಿಲು. ಸೋಮವಾರ ಬೆಳಗ್ಗೆ 7ರ ರೈಲಾದರಂತೂ ಗಡುವು ಭಾನುವಾರ ಬೆಳಗ್ಗೆ 7ಕ್ಕೆ ಮುಗಿಯುತ್ತದೆ, ಕೌಂಟರು ತೆರೆಯುವುದು 8ಕ್ಕೆ! ಅಂದರೆ ಶನಿವಾರವೇ ಹೋಗಿ ಮುಗಿಸಬೇಕು.

ಬದಲಾವಣೆಯಾದ ಮೇಲೆ ಬರ್ತು ಅದೇ, ಪಿಎನ್ಆರ್ ಕೂಡ ಅದೇ. ಮಾವನವರ ಹೆಸರು ಹಾಗೇ ಉಳಿಯುತ್ತದೆ. ಕೌಂಟರು ಬಿಡುವ ಮೊದಲು ಹೊಸ ಹೆಸರಿನ ಅಕ್ಷರಗಳು, ವಯಸ್ಸು, ಹೆಣ್ಣು ಗಂಡೆಂಬ ಗುರುತು ಸರಿಯಾಗಿವೆಯೇ ಓದಿ ನೋಡಿ. ಪ್ರಯಾಣದ ದಿನ ಮಗಳು ತನ್ನ ಮೂಲ ಗುರುತಿನ ಚೀಟಿಯನ್ನು ಮರೆಯದೆ ಒಯ್ಯಲಿ.

ಒಂದು ಎಚ್ಚರ. ತತ್ಕಾಲ್ ಟಿಕೆಟ್ಟಿಗೆ ಈ ಸೌಲಭ್ಯವಿಲ್ಲ. ಹೋಗಬೇಕಾದವಳು ಸೊಸೆಯೇ ಆದರೆ, ಅತ್ತೆಯ ಟಿಕೆಟ್ಟನ್ನು ರದ್ದು ಮಾಡಿಸಿ ಅವಳ ಹೆಸರಿನಲ್ಲಿ ಹೊಸದನ್ನೇ ತೆಗೆಯಬೇಕು. ಹಾಗೆ ಮಾಡುವ ಮುನ್ನ ಆ ರೈಲಿನಲ್ಲಿ ಇನ್ನೂ ಜಾಗ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಇದ್ದ ಬರ್ತೂ ಕೈಬಿಟ್ಟೀತು!