ಹತ್ತನೆಯವರ ಸಂಬಳ

ಅಂಗಡಿಗೆ ಇನ್ನೊಬ್ಬರು ಬೇಕು, ಹದಿನೆಂಟು ಸಾವಿರ ಕೊಟ್ಟರಾಯಿತು ಎಂದು ಮಾಲೀಕರು ನಿರ್ಧರಿಸುವಾಗ ಖರ್ಚಿನ ಪಟ್ಟಿಯಲ್ಲಿ ಆ ಹದಿನೆಂಟು ಸಾವಿರವೇ ಇರುತ್ತದೆ. ಬೋನಸ್ಸು ಹಬ್ಬಕ್ಕೆ, ಗ್ರಾಚ್ಯುಟಿ ಕೆಲಸ ಬಿಟ್ಟಾಗ, ಅದರ ಯೋಚನೆ ಈಗೇಕೆ ಎಂಬ ಧೋರಣೆ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಮುಂದೆ ಕೊಡಬೇಕಾದ ಹಣವೂ ಈ ತಿಂಗಳ ಸಂಬಳದ್ದೇ ಭಾಗ. ಅದನ್ನು ಈ ತಿಂಗಳೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದಾವಣಗೆರೆಯ ಒಂದು ಬಟ್ಟೆ ಅಂಗಡಿ ಎಂದಿಟ್ಟುಕೊಳ್ಳೋಣ. ಕೌಂಟರು, ಬಿಲ್ಲಿಂಗು, ಗೋದಾಮು ಎಲ್ಲ ಸೇರಿ 9 ಜನ, ತಲಾ ಸರಾಸರಿ 16,000 ರೂಪಾಯಿ ಸಂಬಳ. ಈಗ 18,000ಕ್ಕೆ ಹತ್ತನೆಯವರೊಬ್ಬರನ್ನು ತೆಗೆದುಕೊಳ್ಳುವ ಮಾತು ನಡೆದಿದೆ.

ಮೊದಲು ಬೋನಸ್ಸು. ಕಾನೂನಿನ ಬೋನಸ್ಸು ಸಾಮಾನ್ಯವಾಗಿ 20 ಜನರಿರುವ ಕಡೆ ಕಡ್ಡಾಯ, ಕನಿಷ್ಠ ದರ ಶೇ. 8.33, ಅಂದರೆ ವರ್ಷದ ಲೆಕ್ಕದಲ್ಲಿ ಹನ್ನೆರಡರಲ್ಲಿ ಒಂದು ಪಾಲು. ನಮ್ಮ ಅಂಗಡಿಗೆ ಆ ಕಡ್ಡಾಯವಿಲ್ಲ. ಆದರೆ ದೀಪಾವಳಿಗೆ ಒಂದು ತಿಂಗಳ ಸಂಬಳ ಕೊಡುವ ವಾಡಿಕೆ ಅಲ್ಲಿದ್ದರೆ ಲೆಕ್ಕ ಹೆಚ್ಚುಕಡಿಮೆ ಅದೇ: ತಿಂಗಳಿಗೆ 1,500. ಎತ್ತಿಡದಿದ್ದರೆ ತೊಂದರೆ ಬರುವುದು ಹಬ್ಬದ ಹೊತ್ತಿಗೆ. ಹಬ್ಬದ ಸರಕಿಗೆ ಸಗಟು ವ್ಯಾಪಾರಿಗೆ ಹಣ ಕಟ್ಟುವುದೂ ಆಗಲೇ, ಹತ್ತು ಜನರ ಬೋನಸ್ಸು ಕೊಡುವುದೂ ಆಗಲೇ. ಆಗ ಮಾಲೀಕರು ಕೈಗಡಕ್ಕೆ ಓಡುತ್ತಾರೆ.

ಇಎಸ್‌ಐ ಲೆಕ್ಕ ಸರಳ. 21,000 ರೂಪಾಯಿವರೆಗಿನ ಸಂಬಳಕ್ಕೆ ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. ನಮ್ಮ ಹತ್ತನೆಯವರಿಗೆ ಮಾಲೀಕರು ಕಟ್ಟುವುದು 585, ಅವರ ಸಂಬಳದಿಂದ ಹಿಡಿಯುವುದು 135. ಕೆಲವರು ಎರಡೂ ಪಾಲನ್ನು ನೌಕರರ ಸಂಬಳದಿಂದಲೇ ಮುರಿದುಕೊಳ್ಳುತ್ತಾರೆ. ಅದು ಕಾನೂನುಬಾಹಿರ, ಅನ್ಯಾಯ ಕೂಡ.

ಗ್ರಾಚ್ಯುಟಿಗೆ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ವರ್ಷಕ್ಕೆ 10,385, ತಿಂಗಳಿಗೆ 865. ಐದು ವರ್ಷ ತುಂಬುವ ಮೊದಲೇ ಬಿಟ್ಟುಹೋದರೆ ಸಾಮಾನ್ಯವಾಗಿ ಕೊಡಬೇಕಾಗಿಲ್ಲ, ನಿಜ. ಆದರೆ ಐದು ವರ್ಷ ನಿಲ್ಲುವವರೇ ಅಂಗಡಿಗೆ ಬೇಕಾದವರು. ಅವರು ನಿಲ್ಲುವುದಿಲ್ಲ ಎಂದು ನಂಬಿ ಲೆಕ್ಕ ಹಾಕುವುದು ಸರಿಯಲ್ಲ. ಅಲ್ಲದೆ ಅದು ಕೊನೆಯ ಸಂಬಳದ ಮೇಲೆ ಲೆಕ್ಕವಾಗುವುದರಿಂದ ಸಂಬಳ ಏರಿದಾಗ ಹಿಂದಿನ ವರ್ಷಗಳ ಬಾಕಿಯೂ ಏರುತ್ತದೆ.

ಎಲ್ಲ ಕೂಡಿದರೆ 18,000ದ ಕೆಲಸಗಾರರಿಗೆ ತಿಂಗಳ ಖರ್ಚು 20,950. ಪಿಎಫ್ ಇದರಲ್ಲಿ ಸೇರಿಲ್ಲ, ಅದು ಕಡ್ಡಾಯವಾಗುವುದು 20 ಜನರಾದ ಮೇಲೆ.

ಹೆಚ್ಚಿನವರ ಲೆಕ್ಕ ತಪ್ಪುವುದು ಇದರ ಮುಂದೆ. ಇಎಸ್‌ಐ ಮತ್ತು ಗ್ರಾಚ್ಯುಟಿ ಎರಡೂ ಅಂಗಡಿಗೆ ಅನ್ವಯವಾಗುವುದು 10 ಜನರಾದಾಗ, ಮತ್ತು ಆಗ ಅವು ಹತ್ತನೆಯವರಿಗಷ್ಟೇ ಅಲ್ಲ, ಹತ್ತೂ ಜನರಿಗೆ ಅನ್ವಯ. ಹಳೆಯ ಒಂಬತ್ತು ಜನರ 1,44,000 ಸಂಬಳದ ಮೇಲೆ ಇಎಸ್‌ಐ 4,680, ಗ್ರಾಚ್ಯುಟಿಗೆ ಎತ್ತಿಡಬೇಕಾದದ್ದು ಸುಮಾರು 6,920. ಹಾಗಾಗಿ ಹತ್ತನೆಯವರು ಬಂದದ್ದರಿಂದ ತಿಂಗಳಿಗೆ ಹೆಚ್ಚಾಗುವ ಖರ್ಚು 32,550ರ ಹತ್ತಿರ. ಆಮೇಲೆ ಒಬ್ಬರು ಬಿಟ್ಟು ಮತ್ತೆ ಒಂಬತ್ತಾದರೂ ಒಮ್ಮೆ ಅನ್ವಯವಾದದ್ದು ಹಾಗೇ ಮುಂದುವರಿಯುತ್ತದೆ.

ಇದನ್ನು ನೋಡಿ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವವರಿದ್ದಾರೆ. ಸಿಕ್ಕಿಬಿದ್ದರೆ ಹಳೆಯ ಬಾಕಿ, ಅದರ ಮೇಲೆ ಬಡ್ಡಿ, ದಂಡ ಎಲ್ಲ ಬೀಳುತ್ತದೆ. ಆಗ ನೌಕರರ ಪಾಲನ್ನೂ ಮಾಲೀಕರೇ ಕಟ್ಟಬೇಕು, ಹಿಂದಿನ ತಿಂಗಳುಗಳದ್ದನ್ನು ಅವರ ಸಂಬಳದಲ್ಲಿ ಹಿಡಿಯುವಂತಿಲ್ಲ. ಅದಕ್ಕಿಂತ ದೊಡ್ಡ ಮಾತು, ಗೋದಾಮಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಹುಡುಗನಿಗೆ ಇಎಸ್‌ಐ ಆಸ್ಪತ್ರೆಯೂ ಇಲ್ಲ, ರಜೆಯ ದಿನಗಳ ಭತ್ಯೆಯೂ ಇಲ್ಲ. ಆಸ್ಪತ್ರೆ ಖರ್ಚಿಗೆಂದು ಅಂಗಡಿಯವರೇ ಮುಂಗಡ ಕೊಡುತ್ತಾರೆ, ಅದು ಎಷ್ಟೋ ಸಲ ವಾಪಸು ಬರುವುದಿಲ್ಲ. 4,680 ರೂಪಾಯಿಯನ್ನು ತೂಗಿ ನೋಡಬೇಕಾದದ್ದು ಈ ಖರ್ಚಿನ ಎದುರು.

ಹಾಗಾದರೆ ಹತ್ತನೆಯವರು ಬೇಕೇ? ಅಂಗಡಿಗೆ ನೂರು ರೂಪಾಯಿ ಮಾರಾಟದಲ್ಲಿ 20 ಉಳಿಯುತ್ತದೆ ಎಂದಾದರೆ, 32,550 ಹುಟ್ಟಲು ತಿಂಗಳಿಗೆ 1,63,000ದಷ್ಟು ಹೆಚ್ಚು ವ್ಯಾಪಾರವಾಗಬೇಕು. 26 ದಿನ ಬಾಗಿಲು ತೆರೆದರೆ ದಿನಕ್ಕೆ ಸುಮಾರು 6,260. ಜನರಿಲ್ಲದೆ ಗಿರಾಕಿಗಳು ವಾಪಸು ಹೋಗುತ್ತಿದ್ದರೆ ಅದು ಆಗುವ ಮಾತೇ. ಹಾಗಿಲ್ಲದಿದ್ದರೆ ಮದುವೆ ಸೀಸನ್ನಿನಲ್ಲಿ ಇರುವವರಿಗೇ ಓಟಿ ಕೊಟ್ಟು ನಡೆಸುವುದು ಮೇಲು. ತೆಗೆದುಕೊಂಡರೆ ಮೊದಲ ತಿಂಗಳಿಂದಲೇ ಹೆಸರು ಬರೆಯಿರಿ, ಇಎಸ್‌ಐ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಿ, ಬೋನಸ್ಸು ಮತ್ತು ಗ್ರಾಚ್ಯುಟಿಯ ಹಣವನ್ನು ಸಂಬಳ ಕೊಡುವ ದಿನವೇ ಬೇರೆ ಖಾತೆಗೆ ಹಾಕಿ.